ಪರಿಷೆ ಬಗ್ಗೆ ಪ್ರತಿ ವರ್ಷ ಹೊಸ ಲೇಖನ ಬರೆಯೋದಾ, ಹಳೇದನ್ನೇ ತಿದ್ದೋದಾ?

ಗಾಂಧಿಬಜಾರ್_ಗಿಳಿ (ಚರ್ಚೆ ಶುರು ಮಾಡಿದವರು) · 20 ಡಿಸೆಂಬರ್ 2025

ಎಲ್ಲರಿಗೂ ನಮಸ್ಕಾರ. ಬಸವನಗುಡಿ ಸುತ್ತಮುತ್ತಲಿನ ವಿಷಯ ಬರೆಯುವ ಸಣ್ಣ ಕನ್ನಡ ಬ್ಲಾಗ್ ನನ್ನದು. ವರ್ಷವಿಡೀ ಏನೇ ಬರೆದರೂ ಜನ ಬರೋದು ಒಂದೇ ವಿಷಯಕ್ಕೆ, ಕಡಲೆಕಾಯಿ ಪರಿಷೆ. 2022ರಲ್ಲಿ ಬರೆದ ಲೇಖನ ನಾನು ಅಂದುಕೊಂಡಿದ್ದಕ್ಕಿಂತ ಚೆನ್ನಾಗಿ ಓಡಿತು. ಆ ಖುಷಿಯಲ್ಲಿ 2023, 2024, 2025 ಅಂತ ಪ್ರತಿ ವರ್ಷ ಹೊಸದಾಗಿ ಬರೆದೆ. ಅದೇ ದೊಡ್ಡ ಬಸವಣ್ಣ, ಅದೇ ಸುಂಕೇನಹಳ್ಳಿ ಕಥೆ, ಅದೇ ದಾರಿ. ಬದಲಾಗೋದು ದಿನಾಂಕ ಮತ್ತು ಫೋಟೋ ಅಷ್ಟೇ.

ಇವತ್ತು, ಗೂಗಲ್ ಹುಡುಕಾಟದಿಂದ ಎಷ್ಟು ಜನ ಬಂದರು ಅಂತ ತೋರಿಸುವ ಸರ್ಚ್ ಕನ್ಸೋಲ್‌ನಲ್ಲಿ ಕಳೆದ 28 ದಿನವನ್ನು ಹೋದ ವರ್ಷದ ಅದೇ 28 ದಿನದ ಜೊತೆ ಹೋಲಿಸಿ ನೋಡಿದೆ. ಕ್ಲಿಕ್ ಐದರಲ್ಲಿ ಒಂದು ಪಾಲಿಗೆ ಇಳಿದಿದೆ! ಎದೆ ಧಸಕ್ಕೆಂದಿತು.

ಇನ್ನೊಂದು ಸಂಕಟ. ಹೋದ ವರ್ಷ ತುಮಕೂರಿನ ಒಬ್ಬರು ನನ್ನ 2022ರ ಲೇಖನ ನೋಡಿಕೊಂಡು, ವರ್ಷ ಗಮನಿಸದೆ, ನವೆಂಬರ್ 21ಕ್ಕೆ ಮಕ್ಕಳನ್ನು ಕಟ್ಟಿಕೊಂಡು ಬಂದಿದ್ದರು. 2024ರಲ್ಲಿ ಪರಿಷೆ ಇದ್ದಿದ್ದು 25ಕ್ಕೆ. "ಬುಲ್ ಟೆಂಪಲ್ ರಸ್ತೆಯಲ್ಲಿ ಒಂದು ಕಡಲೆಕಾಯಿ ಗಾಡಿನೂ ಇರಲಿಲ್ಲ" ಅಂತ ಕಾಮೆಂಟ್ ಹಾಕಿ ಹೋಗಿದ್ದಾರೆ. ತಪ್ಪು ಅವರದ್ದಾ, ನನ್ನದಾ?

ಹಳೇವನ್ನು ಅಳಿಸಲಾ? ಒಂದನ್ನೇ ತಿದ್ದುತ್ತಾ ಹೋಗಲಾ? ಅಥವಾ ಮುಂದಿನ ವರ್ಷ ಇನ್ನೂ ಚೆನ್ನಾಗಿ ಹೊಸದು ಬರೆಯಲಾ?

ಬೇಳೆಸಾರು

ತಪ್ಪು ನಿಮ್ಮದೇ ಗಿಳಿಯಮ್ಮ 😄

ರೀಲ್ಸ್_ರಾಜಾಜಿನಗರ

ಹಳೇ ಪೋಸ್ಟ್ ಮತ್ತೆ ಹಾಕೋಕೆ ಬೆಳಗ್ಗೆ 9ರ ಮೇಲೆ ಒಳ್ಳೇ ಟೈಮ್. ಹಾಡು ಬದಲಾಯಿಸಿ, ಕವರ್ ಬದಲಾಯಿಸಿ, ಮತ್ತೆ ಅಪ್ಲೋಡ್ ಮಾಡಿ. ನಾನು ಹೀಗೇ ಮಾಡೋದು.

ಗಾಂಧಿಬಜಾರ್_ಗಿಳಿ

ರೀಲ್ಸ್ ಅಲ್ಲ ಸರ್, ಬ್ಲಾಗ್ ಲೇಖನ. ಗೂಗಲ್‌ನಲ್ಲಿ ಹುಡುಕಿಕೊಂಡು ಬರೋರ ಬಗ್ಗೆ ಕೇಳುತ್ತಿದ್ದೇನೆ.

ರೀಲ್ಸ್_ರಾಜಾಜಿನಗರ

ಓ ಸಾರಿ. ಈಗಲೂ ಬ್ಲಾಗ್ ಓದ್ತಾರಾ ಜನ?

ಟ್ರಾಫಿಕ್_ತಿಮ್ಮ

ಸುಲಭ ಇದೆ ಮೇಡಂ. 2022ರ ಲೇಖನ ತೆಗೆಯಿರಿ, ಪ್ರಕಟವಾದ ದಿನಾಂಕವನ್ನು ಇವತ್ತಿಗೆ ಮಾಡಿ, ಶೀರ್ಷಿಕೆಯಲ್ಲಿ 2022 ಇರೋ ಕಡೆ 2026 ಹಾಕಿ. ಗೂಗಲ್‌ಗೆ ಹೊಸದು ಅಂದ್ರೆ ಇಷ್ಟ, ಮೇಲೆ ತಂದು ಕೂರಿಸುತ್ತೆ. ಉಳಿದ ಮೂರೂ ಡಿಲೀಟ್ ಮಾಡಿ. ಹಳೇ ಕಸ ಇದ್ದಷ್ಟೂ ಸೈಟ್ ಭಾರ. 2023ರಲ್ಲಿ ಟೆಕ್ ಸುದ್ದಿ ತಾಣ ಸಿನೆಟ್‌ನವರೇ ಸಾವಿರಾರು ಹಳೇ ಲೇಖನ ಕಿತ್ತು ಹಾಕಿದರು, ಗೊತ್ತಲ್ವಾ?

ಸರ್ವರ್_ಸ್ವಾಮಿ

ತಿಮ್ಮ, ಹಳೇದನ್ನೇ ತಿದ್ದಿ ಅಂದಿದ್ದು ಸರಿ. ಮಿಕ್ಕಿದ್ದು ಒಪ್ಪಲ್ಲ. ಸಿನೆಟ್ ಕಿತ್ತು ಹಾಕಿದ್ದು ನಿಜ. ಆದರೆ ಆ ಸುದ್ದಿ ಬಂದ ಹೊತ್ತಿಗೇ ಗೂಗಲ್ ಕಡೆಯಿಂದ ಬಂದ ಮಾತು, ಹಳೇದು ಅನ್ನೋ ಒಂದೇ ಕಾರಣಕ್ಕೆ ಅಳಿಸಬೇಡಿ ಅಂತ. ಇನ್ನು ದಿನಾಂಕ ಮಾತ್ರ ಬದಲಾಯಿಸೋದು. ಒಳಗಿರೋದು ಹಾಗೇ ಇದ್ದು ತಾರೀಖು ಮಾತ್ರ ಹೊಸದಾಗಿದೆಯಾ ಅಂತ ನಿಮ್ಮನ್ನೇ ಕೇಳಿಕೊಳ್ಳಿ ಅಂತ ಅವರ ಮಾರ್ಗಸೂಚಿಯಲ್ಲೇ ಇದೆ. ಹೋಗಲಿ, ಗೂಗಲ್ ಬಿಡಿ. ತುಮಕೂರಿನವರ ಕಥೆ ಮತ್ತೆ ಆಗಲ್ವಾ? ಮೇಲೆ 2026 ಅಂತಿದ್ದು ಒಳಗೆ ನವೆಂಬರ್ 21 ಅಂತಲೇ ಇದ್ದರೆ ಇನ್ನೂ ಮೋಸ.

ಗಿಳಿ ಮೇಡಂ, ಮೊದಲು ಒಂದು ಸಮಾಧಾನ. ಐದರಲ್ಲಿ ಒಂದು ಪಾಲಿಗೆ ಇಳಿದಿದೆ ಅಂದ್ರಲ್ಲ, ಅದು ಬಹುಪಾಲು ಸುಳ್ಳು ಇಳಿತ. ನೀವು ನೋಡಿದ 28 ದಿನ ಯಾವುವು? ನವೆಂಬರ್ 20ರಿಂದ ಡಿಸೆಂಬರ್ 17 ಇರಬೇಕು, ಅಲ್ವಾ?

ಗಾಂಧಿಬಜಾರ್_ಗಿಳಿ

ಹೌದು! ಹೇಗೆ ಗೊತ್ತಾಯ್ತು?

ಸರ್ವರ್_ಸ್ವಾಮಿ

ಸರ್ಚ್ ಕನ್ಸೋಲ್ ಲೆಕ್ಕ ಎರಡು ಮೂರು ದಿನ ಹಿಂದೆ ಇರುತ್ತೆ, ಅದಕ್ಕೆ ಊಹಿಸಿದೆ. ಈಗ ಕ್ಯಾಲೆಂಡರ್ ತೆಗೆಯಿರಿ. ಪರಿಷೆ ಕಾರ್ತಿಕ ಮಾಸದ ಕೊನೆ ಸೋಮವಾರ. 2024ರಲ್ಲಿ ಅದು ನವೆಂಬರ್ 25, ನಿಮ್ಮ 28 ದಿನದ ಒಳಗೇ ಬಂತು. 2025ರಲ್ಲಿ ನವೆಂಬರ್ 17, ಅಂದರೆ ನಿಮ್ಮ ಲೆಕ್ಕ ಶುರುವಾಗುವ ಮೂರು ದಿನ ಮೊದಲೇ ಆಗಿಹೋಯ್ತು. ಒಂದು ಕಡೆ ಹಬ್ಬದ ಮನೆ, ಇನ್ನೊಂದು ಕಡೆ ಹಬ್ಬ ಮುಗಿದ ಮನೆ. ಎರಡನ್ನೂ ಹೋಲಿಸಿ ಗಾಬರಿಯಾಗಿದ್ದೀರಿ.

ಪರಿಷೆ ಸೋಮವಾರವನ್ನು ಸೊನ್ನೆ ಅಂದುಕೊಳ್ಳಿ. ಅದಕ್ಕೆ 21 ದಿನ ಹಿಂದಿನಿಂದ 7 ದಿನ ಮುಂದಿನವರೆಗೆ ತೆಗೆದುಕೊಳ್ಳಿ. 2024ಕ್ಕೆ ನವೆಂಬರ್ 4ರಿಂದ ಡಿಸೆಂಬರ್ 2. 2025ಕ್ಕೆ ಅಕ್ಟೋಬರ್ 27ರಿಂದ ನವೆಂಬರ್ 24. ಹೋಲಿಕೆಯಲ್ಲಿ ತಾರೀಖು ನಾವೇ ಕೊಡುವ ಆಯ್ಕೆ ಇದೆ, ಅಲ್ಲಿ ಇದನ್ನು ಹಾಕಿ ನೋಡಿ.

ಹಾಗೇ ಇವತ್ತೇ ಎಕ್ಸ್‌ಪೋರ್ಟ್ ಮಾಡಿ ಇಟ್ಟುಕೊಳ್ಳಿ. ಸರ್ಚ್ ಕನ್ಸೋಲ್ 16 ತಿಂಗಳು ಮಾತ್ರ ಇಟ್ಟುಕೊಳ್ಳುತ್ತೆ. ಮಾರ್ಚ್ ದಾಟಿದರೆ 2024ರ ಪರಿಷೆ ಲೆಕ್ಕ ಹೋಯ್ತು, ಮತ್ತೆ ಸಿಗಲ್ಲ.

ಹನುಮಂತನಗರದವ

ಸ್ವಾಮಿಗಳೇ, ಅದೂ ಪೂರ್ತಿ ಸರಿಯಲ್ಲ. ಈ ಸಲ ಪರಿಷೆ ಐದು ದಿನ ಮಾಡಿದರು, 17ರಿಂದ 21. ಮೊದಲು ಎರಡು ಮೂರು ದಿನದಲ್ಲಿ ಮುಗೀತಿತ್ತು. ಜಾಸ್ತಿ ದಿನ ಇದ್ದರೆ ಹುಡುಕಾಟನೂ ಜಾಸ್ತಿ ಅಲ್ವಾ?

ಸರ್ವರ್_ಸ್ವಾಮಿ

ಸರಿಯಾದ ಮಾತು. ಪೂರ್ತಿ ಹೊಂದಲ್ಲ. ಆದರೂ 28 ದಿನದ ಹೋಲಿಕೆಗಿಂತ ನೂರು ಪಾಲು ವಾಸಿ.

ಗಾಂಧಿಬಜಾರ್_ಗಿಳಿ

ನೋಡಿದೆ. ಇಳಿತ ಇದೆ, ಆದರೆ ಮೂರರಲ್ಲಿ ಒಂದು ಪಾಲು ಮಾತ್ರ. ಉಸಿರು ಬಂತು 🙏 ವಿಚಿತ್ರ ಏನಂದ್ರೆ, ಇಂಪ್ರೆಷನ್ ಹೆಚ್ಚುಕಮ್ಮಿ ಹೋದ ವರ್ಷದಷ್ಟೇ ಇದೆ. ಜನರಿಗೆ ಕಾಣಿಸುತ್ತಿದೆ, ಒತ್ತುತ್ತಿಲ್ಲ.

ಸರ್ವರ್_ಸ್ವಾಮಿ

ಹಾಗಾದರೆ ರೋಗ ಎಲ್ಲಿದೆ ಅಂತ ಅರ್ಧ ಗೊತ್ತಾಯ್ತು. "kadalekai parishe date" ಅಥವಾ "ಕಡಲೆಕಾಯಿ ಪರಿಷೆ ಯಾವಾಗ" ಅನ್ನೋ ಹುಡುಕಾಟದ ಮೇಲೆ ಒತ್ತಿ. ಆಮೇಲೆ ಪಕ್ಕದ ಪೇಜಸ್ ಟ್ಯಾಬ್‌ಗೆ ಹೋಗಿ. ನಿಮ್ಮ ನಾಲ್ಕರಲ್ಲಿ ಯಾವ ಲೇಖನ ಕಾಣಿಸುತ್ತಿದೆ ಅಂತ ಹೇಳಿ.

ಗಾಂಧಿಬಜಾರ್_ಗಿಳಿ

2022ರದ್ದೇ ಜಾಸ್ತಿ!! 2024ರದ್ದು ಸ್ವಲ್ಪ. 2025ರದ್ದು, ನಾನು ಮೂರು ರಾತ್ರಿ ಕೂತು ಬರೆದಿದ್ದು, ತಳದಲ್ಲಿ ಬಿದ್ದಿದೆ. ಅಳು ಬರ್ತಿದೆ.

ಬೇಳೆಸಾರು

ದೊಡ್ಡಣ್ಣ ಇರೋವರೆಗೂ ತಮ್ಮಂದಿರಿಗೆ ಮನೆಯಲ್ಲಿ ಮಾತಿಲ್ಲ.

ಸರ್ವರ್_ಸ್ವಾಮಿ

ಬೇಳೆಸಾರು ತಮಾಷೆಗೆ ಹೇಳಿದರೂ ಆಗಿರೋದು ಅದೇ. 2022ರ ಲೇಖನಕ್ಕೆ ಮೂರು ವರ್ಷದಲ್ಲಿ ಯಾರ‍್ಯಾರೋ ಲಿಂಕ್ ಕೊಟ್ಟಿದ್ದಾರೆ, ಜನ ಅಲ್ಲಿಗೇ ಬಂದು ಹೋಗಿದ್ದಾರೆ. ಗೂಗಲ್‌ಗೆ ಅದರ ಪರಿಚಯ ಜಾಸ್ತಿ. ಹೊಸ ಲೇಖನ ಪರಿಷೆಗೆ ಹತ್ತು ದಿನ ಮುಂಚೆ ಹುಟ್ಟಿ, ಪರಿಚಯ ಆಗೋ ಹೊತ್ತಿಗೆ ಪರಿಷೆ ಮುಗಿದಿರುತ್ತೆ. ಮುಂದಿನ ವರ್ಷ ಮತ್ತೆ ಇನ್ನೊಂದು ಕೂಸು. ಹುಡುಕಿದವರಿಗೆ ಕಾಣೋದು 2022 ಅನ್ನೋ ಶೀರ್ಷಿಕೆ, ಅವರು ಯಾಕೆ ಒತ್ತುತ್ತಾರೆ? ಅದಕ್ಕೇ ಇಂಪ್ರೆಷನ್ ಇದೆ, ಕ್ಲಿಕ್ ಇಲ್ಲ.

ನಾನಾಗಿದ್ದರೆ 2022ರ ಲೇಖನವನ್ನೇ ಖಾಯಂ ಪುಟ ಮಾಡುತ್ತಿದ್ದೆ. ವಿಳಾಸದಿಂದ ವರ್ಷ ತೆಗೆಯುವುದು, ಒಂದೇ ಸಲ. ವರ್ಡ್‌ಪ್ರೆಸ್ ತಾನೇ ನಿಮ್ಮದು?

```
/kadalekai-parishe-2022/  →  /kadalekai-parishe/
```

ವರ್ಡ್‌ಪ್ರೆಸ್‌ನಲ್ಲಿ ಲೇಖನದ ಸ್ಲಗ್, ಅಂದರೆ ವಿಳಾಸದ ಕೊನೆಯ ಭಾಗ, ಬದಲಾಯಿಸಿದರೆ ಹಳೇ ವಿಳಾಸಕ್ಕೆ ಬಂದವರನ್ನು ಅದೇ ಹೊಸದಕ್ಕೆ ಕಳಿಸುತ್ತೆ. ಆದರೆ ಅದು ಪೋಸ್ಟ್‌ಗೆ ಮಾತ್ರ. ಪೇಜ್ ಅಂತ ಮಾಡಿದ್ದರೆ ತಾನಾಗಿ ಆಗಲ್ಲ, ಹಳೇ ವಿಳಾಸದಿಂದ ಹೊಸದಕ್ಕೆ ಕಳಿಸುವ 301 ರೀಡೈರೆಕ್ಟ್ ನೀವೇ ಹಾಕಬೇಕು. ಬದಲಾಯಿಸಿದ ಮೇಲೆ ಹಳೇ ವಿಳಾಸ ಒತ್ತಿ ಒಂದು ಸಲ ಪರೀಕ್ಷೆ ಮಾಡಿ, ನಂಬಿ ಕೂರಬೇಡಿ.

ಟ್ರಾಫಿಕ್_ತಿಮ್ಮ

ಓಡ್ತಿರೋ ಕುದುರೆ ಕಾಲು ಯಾಕೆ ಮುರೀತೀರಾ? ವಿಳಾಸ ಮುಟ್ಟಬೇಡಿ ಮೇಡಂ. ಶೀರ್ಷಿಕೆ ಬದಲಾಯಿಸಿದರೆ ಸಾಕು. ವಿಳಾಸದಲ್ಲಿ 2022 ಇದೆಯೋ ಇಲ್ವೋ ಯಾರು ನೋಡ್ತಾರೆ?

ಸರ್ವರ್_ಸ್ವಾಮಿ

ಇದರಲ್ಲಿ ತಿಮ್ಮನ ಮಾತಿಗೂ ಬೆಲೆ ಇದೆ. ವಿಳಾಸ ಬದಲಾಯಿಸಿದ ಮೇಲೆ ಕೆಲವು ವಾರ ಏರುಪೇರಾಗಬಹುದು. ಆದರೆ ವಾಟ್ಸಾಪ್‌ನಲ್ಲಿ ಹಂಚುವಾಗ 2022 ಅಂತ ಕಣ್ಣಿಗೆ ಹೊಡೆಯುತ್ತೆ. ಪರಿಷೆಗೆ ಇನ್ನೂ ಹನ್ನೊಂದು ತಿಂಗಳು ಇದೆ. ಈಗ ಬದಲಾಯಿಸದೆ ಅಕ್ಟೋಬರ್‌ನಲ್ಲಿ ಬದಲಾಯಿಸಿದರೆ ಅದು ಹುಚ್ಚುತನ.

ಅಡುಗೆಮನೆ_ಅಮ್ಮಿ

ನನ್ನ ಕಥೆ ಕೇಳಿ, ಗಿಳಿ ಅಕ್ಕ. ನನ್ನ ಅಡುಗೆ ಬ್ಲಾಗಲ್ಲಿ ಹಿತಕಿದ ಬೇಳೆ ಸಾರು ಅಂತ ಮೂರು ಲೇಖನ ಇತ್ತು. ಮೂರು ಚಳಿಗಾಲ, ಮೂರು ಲೇಖನ. ಯಾರೋ ಹೇಳಿದರು ಅಂತ ಎರಡನ್ನು ಕಸದ ಬುಟ್ಟಿಗೆ ಹಾಕಿದೆ. ರೀಡೈರೆಕ್ಟ್ ಗೀಡೈರೆಕ್ಟ್ ಏನೂ ಗೊತ್ತಿರಲಿಲ್ಲ. ಒಂದು ವಾರ ಆದ ಮೇಲೆ ನೋಡಿದರೆ ಆ ಎರಡರ ಕೆಳಗಿದ್ದ ಕಾಮೆಂಟುಗಳೂ ಹೋಗಿವೆ. ಅವರೆಕಾಳು ನೆನೆಹಾಕಿ ಹಿಸುಕೋದು ಹೇಗೆ, ಸಿಪ್ಪೆ ಸಲೀಸಾಗಿ ಬರಬೇಕು ಅಂದ್ರೆ ಎಷ್ಟು ಹೊತ್ತು ಬಿಡಬೇಕು ಅಂತ ಓದುಗರು ಬರೆದಿದ್ದೆಲ್ಲ ನನ್ನ ಪಾಕವಿಧಾನಕ್ಕಿಂತ ಚೆನ್ನಾಗಿತ್ತು. ಬುಟ್ಟಿಯಿಂದ ವಾಪಸ್ ತರೋದು ಗೊತ್ತಾಗುವಷ್ಟರಲ್ಲಿ ತಿಂಗಳು ದಾಟಿತ್ತು, ಬುಟ್ಟಿ ತಾನೇ ಖಾಲಿ ಆಗಿತ್ತು.

ಅಳಿಸೋ ಮುಂಚೆ ಕಾಮೆಂಟ್ ಓದಿ. ಒಳ್ಳೇದನ್ನು ಲೇಖನದ ಒಳಗೇ ಸೇರಿಸಿಕೊಳ್ಳಿ.

ಬೇಳೆಸಾರು

ಎಷ್ಟು ಹೊತ್ತು ನೆನೆಸಬೇಕು ಅಮ್ಮಿ? ಜನವರಿ ಬಂತು.

ಅಡುಗೆಮನೆ_ಅಮ್ಮಿ

ನಾನು ರಾತ್ರಿ ಪೂರ್ತಿ ಬಿಡ್ತೀನಿ. ಅರ್ಜೆಂಟ್ ಇದ್ದರೆ ಬಿಸಿನೀರು. ಸಾರಿನ ಬಗ್ಗೆ ಬೇರೆ ಚರ್ಚೆ ಶುರು ಮಾಡಿ ಕೇಳಿ ಮಾರಾಯರೇ, ಇಲ್ಲಿ ಪರಿಷೆ ನಡೀತಿದೆ.

ಹಳೇಮೈಸೂರು_ಓದುಗ

ನನಗೆ ಈ ಚರ್ಚೆಯೇ ಬೇಜಾರು ತರಿಸುತ್ತಿದೆ. ಎಲ್ಲರೂ ಗೂಗಲ್ ಗೂಗಲ್ ಅಂತೀರಿ. 2022ರ ಲೇಖನ ಅಂದರೆ ಆ ವರ್ಷದ ಪರಿಷೆಯ ದಾಖಲೆ. ಕೊರೊನಾ ಆದ ಮೇಲೆ ಜನ ಹೇಗೆ ನುಗ್ಗಿ ಬಂದರು, ರಸ್ತೆ ಹೇಗಿತ್ತು ಅಂತ ಗಿಳಿ ಬರೆದಿದ್ದು ನನಗೆ ನೆನಪಿದೆ. ಅದರ ಮೇಲೆ 2026 ಅಂತ ಬಣ್ಣ ಹೊಡೆದರೆ ಆ ವರ್ಷ ಎಲ್ಲಿ ಹೋಯ್ತು? ಹತ್ತು ವರ್ಷ ಆದ ಮೇಲೆ ಯಾರಾದರೂ ಓದಬೇಕು ಅಂದ್ರೆ ಏನು ಸಿಗುತ್ತೆ, ಮೆಟ್ರೋ ದಾರಿನಾ?

ಸರ್ವರ್_ಸ್ವಾಮಿ

ಇದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಆದರೆ ನಿಮ್ಮ ಮಾತಿನಲ್ಲೇ ದಾರಿ ಇದೆ ಅನಿಸುತ್ತೆ. ಇಲ್ಲಿ ಎರಡು ಥರದ ಬರಹ ಒಂದೇ ಲೇಖನದಲ್ಲಿ ಸಿಕ್ಕಿಕೊಂಡಿದೆ. "ಪರಿಷೆ ಯಾವಾಗ, ಹೇಗೆ ಹೋಗೋದು" ಒಂದು. "ಈ ಸಲ ಪರಿಷೆ ಹೇಗಿತ್ತು" ಇನ್ನೊಂದು. ಮೊದಲನೆಯದು ಪ್ರತಿ ವರ್ಷ ಬದಲಾಗಬೇಕು. ಎರಡನೆಯದು ಬದಲಾಗಲೇಬಾರದು.

ಗಿಳಿ ಮೇಡಂ, 2022ರಲ್ಲಿ ನೀವು ಕಂಡಿದ್ದನ್ನೆಲ್ಲ ಎತ್ತಿ ಬೇರೆ ಲೇಖನಕ್ಕೆ ಹಾಕಿ, ಅದಕ್ಕೆ ಹಳೇ ತಾರೀಖನ್ನೇ ಕೊಡಿ. "2022ರ ಪರಿಷೆ: ಜನಜಂಗುಳಿಯ ಒಂದು ಸಂಜೆ" ಅಂತ ಏನೋ ಹೆಸರಿಡಿ. 2023, 2024, 2025ರಲ್ಲೂ ಹೀಗೇ. ದಾರಿ, ದಿನಾಂಕ, ಸಮಯ ಎಲ್ಲ ಅಲ್ಲಿಂದ ತೆಗೆದು, ಮೇಲೆ ಒಂದು ಸಾಲು ಹಾಕಿ: ಈ ವರ್ಷದ ಪರಿಷೆ ಯಾವಾಗ ಅಂತ ಇಲ್ಲಿ ನೋಡಿ. ಯಾವುದರಲ್ಲಿ ನೆನಪು ಏನೂ ಇಲ್ಲವೋ, ಬರೀ ಮಾಹಿತಿ ಇದೆಯೋ, ಅದನ್ನು ಮಾತ್ರ ಮುಚ್ಚಿ ಖಾಯಂ ಪುಟಕ್ಕೆ 301 ಮಾಡಿ. ಆ 301 ಕಡಿಮೆ ಅಂದ್ರೂ ಒಂದು ವರ್ಷ ಇರಲಿ. ಆಗುತ್ತೆ ಅಂದ್ರೆ ಯಾವಾಗಲೂ ಇರಲಿ.

ಹಳೇಮೈಸೂರು_ಓದುಗ

ಹೀಗಾದರೆ ಒಪ್ಪುತ್ತೇನೆ. ಆದರೂ ಮೂಲ ವಿಳಾಸದಲ್ಲಿ ಮೂಲ ಬರಹ ಇರಬೇಕಿತ್ತು ಅನ್ನೋದು ನನ್ನ ಹಠ. ಅದಕ್ಕೆ ಲಿಂಕ್ ಕೊಟ್ಟವರು ಆ ಬರಹ ನೋಡಿ ಕೊಟ್ಟಿದ್ದಲ್ವಾ?

ಗಾಂಧಿಬಜಾರ್_ಗಿಳಿ

ಲೆಕ್ಕ ಹಾಕಿದೆ. 2023ರದ್ದರಲ್ಲಿ ನಿಜವಾಗಲೂ ಏನೂ ಇಲ್ಲ, ಜ್ವರ ಬಂದು ನಾನು ಪರಿಷೆಗೇ ಹೋಗಿರಲಿಲ್ಲ 🙈 ಅದನ್ನು ಮುಚ್ಚುತ್ತೇನೆ. 2024, 2025ರಲ್ಲಿ ಕಥೆ ಇದೆ, ಇಟ್ಟುಕೊಳ್ಳುತ್ತೇನೆ. ಈಗ ಪ್ರಶ್ನೆ, ಖಾಯಂ ಪುಟ ಹೇಗಿರಬೇಕು? ಪ್ರತಿ ವರ್ಷ ಪೂರ್ತಿ ಕೂತು ತಿದ್ದಲು ನನಗೆ ಟೈಮ್ ಇಲ್ಲ.

ಸರ್ವರ್_ಸ್ವಾಮಿ

ಪೂರ್ತಿ ತಿದ್ದೋ ಹಾಗೆ ಬರೆದರೆ ಸೋತ ಹಾಗೇ. ಬದಲಾಗೋದನ್ನೆಲ್ಲ ಮೇಲೆ ಒಂದು ಸಣ್ಣ ಚೌಕದಲ್ಲಿ ಕೂರಿಸಿ: ಈ ಸಲದ ತಾರೀಖು, ಎಷ್ಟು ದಿನ, ಯಾವ ರಸ್ತೆ ಬಂದ್, ಕೊನೆಯದಾಗಿ ನೋಡಿದ್ದು ಯಾವಾಗ. ಅದರ ಕೆಳಗೆ ನಿಯಮ: ಕಾರ್ತಿಕದ ಕೊನೆ ಸೋಮವಾರ. ಈ ನಿಯಮ ಇದ್ದರೆ ನೀವು ತಿದ್ದೋದು ಮರೆತರೂ ಓದುಗರು ಪಂಚಾಂಗ ನೋಡಿಕೊಂಡು ಬಚಾವ್. ಅದರ ಕೆಳಗೆ ಹಿಂದಿನ ವರ್ಷಗಳು: 2022ರಲ್ಲಿ ನವೆಂಬರ್ 21, 2023ರಲ್ಲಿ ಡಿಸೆಂಬರ್ 11, 2024ರಲ್ಲಿ ನವೆಂಬರ್ 25, 2025ರಲ್ಲಿ ನವೆಂಬರ್ 17. ಒಂದೊಂದಕ್ಕೂ ಆ ವರ್ಷದ ನಿಮ್ಮ ಬರಹದ ಲಿಂಕ್. ತಾರೀಖು ಇಷ್ಟು ಓಡಾಡುತ್ತೆ ಅಂತ ಕಂಡರೆ ತುಮಕೂರಿನವರು ಇನ್ನೊಂದು ಸಲ ವರ್ಷ ನೋಡುತ್ತಾರೆ.

ಮಿಕ್ಕ ಲೇಖನದಲ್ಲಿ "ಈ ವರ್ಷ", "ಇತ್ತೀಚೆಗೆ", "ಹೊಸದಾಗಿ ಶುರುವಾದ" ಅನ್ನೋ ಪದ ಹುಡುಕಿ ಹುಡುಕಿ ತೆಗೆಯಿರಿ. ಲೇಖನ ಹಳಸೋದು ಈ ಪದಗಳಿಂದಲೇ.

ಇನ್ನೊಂದು ವಿಷಯ. ಪರಿಷೆ ಮುಗಿದ ವಾರವೇ ಚೌಕ ಬದಲಾಯಿಸಿ, ಮುಂದಿನ ವರ್ಷದ್ದು ಹಾಕಿ. ಹೆಚ್ಚಿನವರು ಮುಂದಿನ ಅಕ್ಟೋಬರ್‌ವರೆಗೆ ಹಾಗೇ ಬಿಟ್ಟಿರುತ್ತಾರೆ. ಹನ್ನೊಂದು ತಿಂಗಳು ಆ ಪುಟ ಮುಗಿದ ಮದುವೆಯ ಚಪ್ಪರ ಇದ್ದ ಹಾಗೆ.

ಎಲೆಕ್ಟ್ರಾನಿಕ್‌ಸಿಟಿ_ಎಲ್ಲಪ್ಪ

ದಾರಿ ಬಗ್ಗೆ ಒಂದು ಮಾತು. ನಿಮ್ಮ 2025ರ ಲೇಖನದಲ್ಲೂ ನಮ್ಮ ಕಡೆಯವರಿಗೆ "ಬಸ್ಸಿನಲ್ಲಿ ಬನ್ನಿ" ಅಂತಲೇ ಇತ್ತು. ಆಗಸ್ಟ್‌ನಿಂದ ಮೆಟ್ರೋ ಹಳದಿ ಮಾರ್ಗ ಇದೆ. ಆರ್.ವಿ. ರಸ್ತೆಯಲ್ಲಿ ಇಳಿದು ಹಸಿರು ಮಾರ್ಗ ಹತ್ತಿದರೆ ಜಯನಗರ, ಸೌತ್ ಎಂಡ್, ಲಾಲ್‌ಬಾಗ್, ಆಮೇಲೆ ನ್ಯಾಷನಲ್ ಕಾಲೇಜು. ಅಲ್ಲಿಂದ ನಡಿಗೆ. ನಾನು ಈ ಸಲ ಹೀಗೇ ಹೋದೆ, ಎರಡು ಚೀಲ ಕಡಲೆಕಾಯಿ ಹೊತ್ತುಕೊಂಡು ವಾಪಸ್ ಬಂದೆ. ಪಕ್ಕದ ಸೀಟಿನ ಮಗು ಅರ್ಧ ತಿಂದಿತು.

ಗಾಂಧಿಬಜಾರ್_ಗಿಳಿ

ಛೆ, ಹೌದು. 2024ರ ಪ್ಯಾರಾವನ್ನೇ ಎತ್ತಿ ಅಂಟಿಸಿದ್ದೆ. ಸಿಕ್ಕಿಬಿದ್ದೆ.

ಸರ್ವರ್_ಸ್ವಾಮಿ

ನೋಡಿ, ಇದು ನಿಜವಾದ ತಿದ್ದುಪಡಿ. ಫೆಬ್ರವರಿ 2025ರಲ್ಲಿ ಮೆಟ್ರೋ ದರ ಏರಿದ್ದು ಕೂಡ ನಿಮ್ಮ ಹಳೇ ಲೇಖನದಲ್ಲಿ ಇಲ್ಲ. ದರ ಬರೆಯಲೇಬೇಡಿ, ನಿಲ್ದಾಣದ ಹೆಸರು ಸಾಕು. ಎಲ್ಲಪ್ಪನಂಥ ತಿದ್ದುಪಡಿ ಸೇರಿಸಿದಾಗ "ತಿದ್ದಿದ್ದು" ಅಂತ ತಾರೀಖು ಹಾಕಿ, ಮೊದಲ ಪ್ರಕಟಣೆ ತಾರೀಖನ್ನೂ ಇಡಿ. ಕಾಗುಣಿತ ಸರಿ ಮಾಡಿದ್ದಕ್ಕೆಲ್ಲ ತಾರೀಖು ಬದಲಾಯಿಸಬೇಡಿ. ಸೈಟ್‌ಮ್ಯಾಪ್‌ನಲ್ಲಿ ಹೋಗುವ ತಿದ್ದಿದ ತಾರೀಖು ನಂಬುವ ಹಾಗಿದ್ದರೆ ಮಾತ್ರ ಗೂಗಲ್ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳೋದು.

ಟ್ರಾಫಿಕ್_ತಿಮ್ಮ

ನನ್ನ ಸೈಟಲ್ಲಿ ತಾರೀಖು ಮಾತ್ರ ಬದಲಾಯಿಸಿ ಎರಡು ಸಲ ಮೇಲೆ ಬಂದಿದ್ದೀನಿ. ಸುಮ್ನೆ ಹೇಳ್ತಿಲ್ಲ.

ಸರ್ವರ್_ಸ್ವಾಮಿ

ಬಂದಿರಬಹುದು. ತಾರೀಖಿನಿಂದಲೇ ಬಂತಾ, ಹಬ್ಬ ಹತ್ತಿರ ಬಂದಿದ್ದಕ್ಕಾ ಅಂತ ಹೇಗೆ ಗೊತ್ತಾಯ್ತು?

ಟ್ರಾಫಿಕ್_ತಿಮ್ಮ

ಗಣೇಶ ಚತುರ್ಥಿ ಲೇಖನ. ಆಗಸ್ಟ್‌ನಲ್ಲಿ ಬದಲಾಯಿಸಿದ್ದೆ.

ಬೇಳೆಸಾರು

😂😂😂

ಲಿಪಿಕಾರ

ಕನ್ನಡದವರಿಗೆ ಒಂದು ಪುಟ್ಟ ಸೂಚನೆ. ಜನ ಹುಡುಕೋದು "ಕಡಲೆಕಾಯಿ", "ಕಡ್ಲೆಕಾಯಿ", "kadlekai" ಹೀಗೆ ನಾನಾ ಥರ. ಶೀರ್ಷಿಕೆಯಲ್ಲಿ ಒಂದು ಇರಲಿ, ಉಳಿದವು ಲೇಖನದೊಳಗೆ ಸಹಜವಾಗಿ ಬರಲಿ. ಆಮೇಲೆ ವಿಳಾಸ ಇಂಗ್ಲಿಷ್ ಅಕ್ಷರದಲ್ಲೇ ಇಡಿ. ಕನ್ನಡ ಸ್ಲಗ್ ಇಟ್ಟು ಹಂಚಿದರೆ `%E0%B2%95` ಅಂತ ಮಾರುದ್ದ ಬಾಲ ಬರುತ್ತೆ, ನಮ್ಮ ತಂದೆ ಅದನ್ನು ವೈರಸ್ ಅಂದುಕೊಂಡು ಅಳಿಸಿಬಿಟ್ಟಿದ್ದರು.

ಮಲ್ಲೇಶ್ವರದ_ಮಗಳು

ಕಾಡು ಮಲ್ಲೇಶ್ವರದ ಪರಿಷೆನೂ ಅದೇ ಪುಟದಲ್ಲಿ ಸೇರಿಸಿ ಗಿಳಿ. ನಮ್ಮದನ್ನು ಯಾರೂ ಬರೆಯಲ್ಲ.

ಹನುಮಂತನಗರದವ

ಬೇಡ ಬೇಡ, ಬೇರೆ ಪುಟ ಮಾಡಿ. ಎರಡು ತಾರೀಖು ಒಂದೇ ಚೌಕದಲ್ಲಿ ಹಾಕಿದರೆ ತುಮಕೂರಿನವರು ಈ ಸಲ ಮಲ್ಲೇಶ್ವರಕ್ಕೆ ಹೋಗಿ ನಿಂತಿರುತ್ತಾರೆ.

ಗಾಂಧಿಬಜಾರ್_ಗಿಳಿ

ನಿನ್ನೆ ರಾತ್ರಿ ಕೂತು ಮುಗಿಸಿದೆ. ಸ್ಲಗ್ ಬದಲಾಯಿಸಿದೆ, ಹಳೇ ವಿಳಾಸ ಒತ್ತಿದರೆ ಹೊಸದಕ್ಕೆ ಹೋಗುತ್ತಿದೆ. 2023ರದ್ದನ್ನು ಮುಚ್ಚಿ ಖಾಯಂ ಪುಟಕ್ಕೆ 301 ಮಾಡಿದೆ. "ಈ ವರ್ಷ" ಅನ್ನೋ ಪದ ಒಟ್ಟು 14 ಕಡೆ ಇತ್ತು! 2022ರ ನೆನಪು ಬೇರೆ ಲೇಖನ ಆಯ್ತು, ಓದುಗ ಸರ್, ನಿಮ್ಮ ಹಠಕ್ಕೆ ಕ್ಷಮೆ ಇರಲಿ. ಒಂದೇ ಬಾಕಿ, ಚೌಕದಲ್ಲಿ 2026ರ ತಾರೀಖು ಏನು ಹಾಕಲಿ?

ಹನುಮಂತನಗರದವ

2026ರಲ್ಲಿ ಅಧಿಕ ಜ್ಯೇಷ್ಠ ಇದೆ, 2023ರಲ್ಲಿ ಅಧಿಕ ಶ್ರಾವಣ ಇದ್ದ ಹಾಗೆ. ಅದಕ್ಕೆ ಮತ್ತೆ ಡಿಸೆಂಬರ್‌ಗೆ ಹೋಗುತ್ತೆ. ಕಾರ್ತಿಕದ ಕೊನೆ ಸೋಮವಾರ ಡಿಸೆಂಬರ್ 7 ಬರುತ್ತೆ.

ಸರ್ವರ್_ಸ್ವಾಮಿ

"ಪಂಚಾಂಗದ ಪ್ರಕಾರ ಡಿಸೆಂಬರ್ 7, ಎಷ್ಟು ದಿನ ಅಂತ ಇನ್ನೂ ಪ್ರಕಟವಾಗಿಲ್ಲ" ಅಂತ ಹಾಕಿ. ಪ್ರಕಟವಾದ ದಿನ ತಿದ್ದಿ. ಮತ್ತೆ ಮೇಡಂ, 2026ರ ನವೆಂಬರ್‌ನಲ್ಲಿ 2025ರ ನವೆಂಬರ್ ಜೊತೆ ಹೋಲಿಸಿ ಮತ್ತೆ ಇಲ್ಲಿಗೆ ಅಳುತ್ತಾ ಬರಬೇಡಿ.

ಗಾಂಧಿಬಜಾರ್_ಗಿಳಿ

😅 ಹಾಕಿದೆ. ತುಮಕೂರಿನವರ ಕಾಮೆಂಟ್‌ಗೂ ಉತ್ತರ ಬರೆದು ತಾರೀಖು ಕೊಟ್ಟೆ. ಅರ್ಧ ಗಂಟೆಯಲ್ಲಿ ಮಾರುತ್ತರ ಬಂತು: "ಸರಿ ಮೇಡಂ. ಸೇರು ಎಷ್ಟು ಅಂತನೂ ಹಾಕಿ."

ಬೇಳೆಸಾರು

ಅದನ್ನು ಮಾತ್ರ ಹಾಕಬೇಡಿ. ಬೆಳಗ್ಗೆ ಒಂದು ರೇಟು, ಸಂಜೆ ಮಳೆ ಬಂದರೆ ಇನ್ನೊಂದು ರೇಟು.